“ನಮ್ಮನ್ನೇನಾದರೂ ಕೇಳುವುದಿದೆಯಾ?”

ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಸಂದರ್ಶನ ಮುಗಿಯುವುದು ಸಾಮಾನ್ಯವಾಗಿ ಈ ಮಾತಿನಿಂದಲೇ. “ಏನಿಲ್ಲ ಸರ್” ಎಂದು ಎದ್ದುಬರುವವರು ಬಹಳ. ಕೇಳುವವರೂ “ಕೆಲಸದ ವಾತಾವರಣ ಹೇಗಿದೆ?” ಎಂದು ಕೇಳುತ್ತಾರೆ, “ತುಂಬ ಚೆನ್ನಾಗಿದೆ” ಎಂಬ ಉತ್ತರ ಬರುತ್ತದೆ. ಅಭಿಪ್ರಾಯ ಕೇಳಿದರೆ ಸಿಗುವುದು ಇಂಥ ಉಪಚಾರದ ಮಾತೇ. ಸೇರಿದ ಮೇಲೆ ಬೇಡವೆನಿಸಿದರೂ ಎಷ್ಟೋ ಕಡೆ ಎರಡು, ಮೂರು ತಿಂಗಳ ನೋಟಿಸ್ ಅವಧಿ ಮುಗಿಸದೆ ಬಿಡುವಂತಿಲ್ಲ. ಆದ್ದರಿಂದ ಆ ಕೊನೆಯ ಐದು ನಿಮಿಷದಲ್ಲಿ ಅಲ್ಲಿ ಈಗಾಗಲೇ ನಡೆದಿರುವುದನ್ನು ಕೇಳಬೇಕು.

ಮೊದಲ ಪ್ರಶ್ನೆ: “ಈ ಹುದ್ದೆ ಹೊಸದಾ, ಯಾರಾದರೂ ಬಿಟ್ಟುಹೋದ ಜಾಗವಾ?” ನನಗೆ ಹೆಚ್ಚು ಭರವಸೆ ಇರುವುದು ಇದರ ಮೇಲೆ. ಬಿಟ್ಟುಹೋದ ಜಾಗವಾದರೆ, ಅವರು ಎಷ್ಟು ಕಾಲ ಇದ್ದರು, ಈಗ ಏನು ಮಾಡುತ್ತಿದ್ದಾರೆ ಎಂದು ಮುಂದುವರಿಸಿ. ಅದೇ ಕಂಪನಿಯ ಬೇರೆ ಟೀಮಿಗೆ ಹೋಗಿದ್ದರೆ ಒಳ್ಳೆಯ ಸೂಚನೆ. ಎಂಟೇ ತಿಂಗಳಿಗೆ ಹೋದರು, ಅವರಿಗಿಂತ ಹಿಂದಿನವರೂ ಹಾಗೇ ಹೋದರು ಎಂದಾದರೆ ತೊಂದರೆ ಆ ಕುರ್ಚಿಯಲ್ಲೇ ಇದೆ. ಟೀಮಿನಲ್ಲಿ ಎಲ್ಲರಿಗಿಂತ ಹಳಬರು ಎಷ್ಟು ವರ್ಷದಿಂದ ಇದ್ದಾರೆ, ಮ್ಯಾನೇಜರ್ ಬಂದು ಎಷ್ಟು ಕಾಲವಾಯಿತು ಎಂಬುದೂ ಗೊತ್ತಾಗಲಿ. ಟೀಮೇ ಹೊಸದಾಗಿದ್ದರೆ ಎಲ್ಲರೂ ಹೊಸಬರಾಗಿರುವುದು ಸಹಜ, ಅದಕ್ಕೆ ಗಾಬರಿ ಬೇಡ.

ಕೆಲಸದ ಹೊರೆಯನ್ನು ಲೆಕ್ಕದಲ್ಲೇ ಕೇಳಬಹುದು. ಸರ್ವರ್ ಕೆಟ್ಟಾಗ ಹೊತ್ತಲ್ಲದ ಹೊತ್ತಿನಲ್ಲೂ ಫೋನ್ ಎತ್ತಬೇಕಾದ ಸರದಿಗೆ ಆನ್‌ಕಾಲ್ ಎನ್ನುತ್ತಾರೆ. “ಆನ್‌ಕಾಲ್ ಇದೆಯಾ?” ಎಂದು ಕೇಳಿ ಸುಮ್ಮನಾದರೆ “ಇದೆ, ಆದರೆ ಅಂಥದ್ದೇನಿಲ್ಲ” ಎನ್ನುತ್ತಾರೆ. ಸರದಿಯಲ್ಲಿ ಈಗ ಎಷ್ಟು ಜನ, ಕಳೆದ ವಾರ ರಾತ್ರಿ ಎಷ್ಟು ಸಲ ಫೋನ್ ಬಂತು ಎಂದು ಕೇಳಿ. ಒಂದು ಉದಾಹರಣೆ ನೋಡೋಣ. ಆರು ಜನರ ಟೀಮು, ಅದರಲ್ಲಿ ಎರಡು ಜಾಗ ಖಾಲಿ. ಪ್ರತಿ ವಾರ ಮುಖ್ಯ ಸರದಿಗೆ ಒಬ್ಬರು, ಅವರ ಬೆನ್ನಿಗೆ ಇನ್ನೊಬ್ಬರು ಬೇಕು. ಇರುವ ನಾಲ್ವರೇ ಹಂಚಿಕೊಂಡರೆ ಒಬ್ಬೊಬ್ಬರಿಗೂ ವಾರ ಬಿಟ್ಟು ವಾರ ಸರದಿ, ಅಂದರೆ ವರ್ಷಕ್ಕೆ 26 ವಾರ. ಗೂಗಲ್‌ನ ಎಂಜಿನಿಯರುಗಳು 2016ರಲ್ಲಿ ಹೊರತಂದ ಪುಸ್ತಕದಲ್ಲಿ, ಒಂದೇ ಊರಿನ ಟೀಮಿಗೆ ಇಂಥ ಸರದಿ ನಡೆಸಲು ಕನಿಷ್ಠ ಎಂಟು ಜನ ಬೇಕೆಂದಿದ್ದಾರೆ. ಆಗ ತಲಾ ತಿಂಗಳಿಗೊಂದು ವಾರ ಬರುತ್ತದೆ. ಎಲ್ಲ ಕಂಪನಿಗೂ ಇದು ಸಾಧ್ಯವಾಗದಿರಬಹುದು, ಆದರೆ ಎರಡರ ನಡುವಿನ ಅಂತರ ನಿಮ್ಮ ನಿದ್ದೆಯಿಂದಲೇ ಕಳೆಯುತ್ತದೆ.

ಅಮೆರಿಕದ ಟೀಮಿನೊಂದಿಗೆ ಕೆಲಸವಾದರೆ ದಿನದ ಕೊನೆಯ ಮೀಟಿಂಗ್ ಎಷ್ಟು ಹೊತ್ತಿಗೆ, ನವೆಂಬರ್‌ನಲ್ಲಿ ಎಷ್ಟು ಹೊತ್ತಿಗೆ ಎಂದು ಕೇಳಿ. ಕ್ಯಾಲಿಫೋರ್ನಿಯಾದ ಬೆಳಗಿನ 9 ಗಂಟೆ ನಮಗೆ ಬೇಸಿಗೆಯಲ್ಲಿ ರಾತ್ರಿ 9.30. ಚಳಿಗಾಲಕ್ಕೆ ಅಲ್ಲಿ ಗಡಿಯಾರ ಹಿಂದಕ್ಕೆ ತಿರುಗಿಸಿದಾಗ ಅದೇ ಮೀಟಿಂಗ್ 10.30ಕ್ಕೆ ಬರುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಒಂದು ಗಂಟೆ ಕಡಿಮೆಯೇನಲ್ಲ.

ಮ್ಯಾನೇಜರ್ ಎಂಥವರು ಎಂದು ತಿಳಿಯಲು ಒಂದೇ ಪ್ರಶ್ನೆಯನ್ನು ಇಬ್ಬರಿಗೆ ಬೇರೆ ಬೇರೆಯಾಗಿ ಕೇಳುವುದು ಒಳ್ಳೆಯದು. “ಕಳೆದ ಸಲ ರಿಲೀಸ್ ತಡವಾಗುತ್ತೆ ಅಂತ ಗೊತ್ತಾದಾಗ ಏನು ಮಾಡಿದಿರಿ?” ಟೆಕ್ನಿಕಲ್ ಸುತ್ತಿನ ಎಂಜಿನಿಯರ್ “ಎರಡು ಶನಿವಾರ ಬಂದು ಮುಗಿಸಿದೆವು” ಎಂದು, ಮ್ಯಾನೇಜರ್ “ಎರಡು ಫೀಚರ್ ಮುಂದಕ್ಕೆ ಹಾಕಿದೆವು” ಎಂದರೆ, ಮೇಲೆ ಹೇಳುವುದು ಒಂದು, ಕೆಳಗೆ ಆಗುವುದು ಇನ್ನೊಂದು ಇರಬಹುದು. ಇಬ್ಬರ ಮನಸ್ಸಿನಲ್ಲೂ ಬೇರೆ ಬೇರೆ ರಿಲೀಸ್ ಇರಲೂಬಹುದು, ಹಾಗಾಗಿ ಯಾವುದು ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಮ್ಯಾನೇಜರ್ ನಡೆದದ್ದನ್ನು ಹೇಳುವಾಗ ಯಾರ ತಪ್ಪೆಂದು ಹೆಸರು ಹಿಡಿದು ಹೊರಟರೆ, ನಾಳೆ ಆ ಹೆಸರು ನಿಮ್ಮದಾಗಬಹುದು.

ಇಷ್ಟನ್ನೂ ಒಂದೇ ಸುತ್ತಿನಲ್ಲಿ ಕೇಳಿದರೆ ವಿಚಾರಣೆಯಂತಾಗುತ್ತದೆ. ಸುತ್ತಿಗೆ ಎರಡು ಸಾಕು: ಸರದಿಯ ಲೆಕ್ಕ ಎಂಜಿನಿಯರಿಗೆ, ಹುದ್ದೆಯ ಇತಿಹಾಸ ಮ್ಯಾನೇಜರಿಗೆ. ಉಳಿದದ್ದನ್ನು ಆಫರ್ ಕೈಗೆ ಬಂದ ಮೇಲೆ, ಸಹಿ ಹಾಕುವ ಮೊದಲು ಕೇಳಿ. ಟೀಮಿನ ಒಬ್ಬರ ಜೊತೆ ಇಪ್ಪತ್ತು ನಿಮಿಷ ಮಾತಾಡಬಹುದೇ ಎಂದು ವಿಚಾರಿಸಲು ಆಗಲೇ ಸರಿಯಾದ ಸಮಯ, ಏಕೆಂದರೆ ಆಗ ಅವರಿಗೂ ನೀವು ಬೇಕಾಗಿರುತ್ತೀರಿ.

ಸರ್ವಿಸ್ ಕಂಪನಿಗಳಲ್ಲಿ ಮಾತ್ರ ಸಂದರ್ಶನ ಮಾಡಿದವರ ಟೀಮಿಗೇ ನೀವು ಸೇರಬೇಕೆಂದೇನಿಲ್ಲ. ಪ್ರಾಜೆಕ್ಟ್ ಆಮೇಲೆ ಸಿಗುತ್ತದೆ. ಆಗ ಮೇಲಿನ ಉತ್ತರಗಳೆಲ್ಲ ಬೇರೆ ಯಾರದೋ ಟೀಮಿನವು. ಅಂಥ ಕಡೆ ಪ್ರಾಜೆಕ್ಟ್ ಹೇಗೆ ಹಂಚುತ್ತಾರೆ, ಶಿಫ್ಟ್ ಅಥವಾ ಊರು ಬದಲಿಸುವ ಮುನ್ನ ನಿಮ್ಮನ್ನು ಕೇಳುತ್ತಾರೆಯೇ ಎಂದು ಎಚ್‌ಆರ್ ಅವರಲ್ಲಿ ವಿಚಾರಿಸಿ, ಉತ್ತರವನ್ನು ಇಮೇಲ್‌ನಲ್ಲಿ ಬರೆಸಿಕೊಳ್ಳಿ.