ನಲವತ್ತೈದು ಸಾವಿರದ ಜಾಣತನ

2026ರ ಮಾರ್ಚ್‌ವರೆಗೆ ಒಂದೇ ದಿನ 50,000 ರೂಪಾಯಿಗಿಂತ ಹೆಚ್ಚು ನಗದು ಕಟ್ಟಿದರೆ ಬ್ಯಾಂಕು ಪ್ಯಾನ್ ಕೇಳುತ್ತಿತ್ತು. ಅದಕ್ಕೇ ಕೆಲವರು 45,000ದಂತೆ ಬಿಡಿಬಿಡಿಯಾಗಿ ಕಟ್ಟುತ್ತಿದ್ದರು. ಪ್ಯಾನ್ ಕೇಳದೆ ಹೋಗಬಹುದಿತ್ತು; ಲೆಕ್ಕ ತಪ್ಪುತ್ತಿರಲಿಲ್ಲ.

2024-25ರಲ್ಲಿ ಶಿರಸಿಯ ಅಡಿಕೆ ಬೆಳೆಗಾರರೊಬ್ಬರು ಹೀಗೆ 24 ಸಲ ಕಟ್ಟಿದರು ಎಂದಿಟ್ಟುಕೊಳ್ಳಿ. ಒಟ್ಟು 10.80 ಲಕ್ಷವಾಯಿತು. ಆ ವರ್ಷದ ನಿಯಮದಂತೆ ಉಳಿತಾಯ ಖಾತೆಗೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ 10 ಲಕ್ಷ ಅಥವಾ ಮೇಲ್ಪಟ್ಟು ನಗದು ಬಿದ್ದರೆ ಬ್ಯಾಂಕು ಆದಾಯ ತೆರಿಗೆ ಇಲಾಖೆಗೆ ವರದಿ ಕೊಡಬೇಕು. ಅದೇ ಬ್ಯಾಂಕಿನಲ್ಲಿ ಅವರಿಗೆ ಎರಡು ಖಾತೆಗಳಿದ್ದರೂ ಮೊತ್ತ ಕೂಡಿಸಲಾಗುತ್ತದೆ. ಚಾಲ್ತಿ ಖಾತೆಗೆ ಮಿತಿ 50 ಲಕ್ಷ. ಅಲ್ಲಿ ನಗದು ತೆಗೆದದ್ದಕ್ಕೂ ಅಷ್ಟೇ ಮಿತಿಯ ಪ್ರತ್ಯೇಕ ಲೆಕ್ಕವಿದೆ.

ವರದಿಯಾದ ಮಾತ್ರಕ್ಕೆ ತೆರಿಗೆ ಬೀಳುವುದಿಲ್ಲ. ಮೊತ್ತವು ತೆರಿಗೆ ಜಾಲತಾಣದ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ (AIS) ಕಾಣುತ್ತದೆ. ರಿಟರ್ನ್ಸ್‌ಗೆ ತಾಳೆಯಾಗದಿದ್ದರೆ ನೋಟಿಸು ಬರಬಹುದು. ಆಗ ಮಂಡಿಯ ಪಟ್ಟಿ, ಪಹಣಿ ಕೈಯಲ್ಲಿರಬೇಕು. ಬಿಡಿಬಿಡಿಯಾಗಿ ಕಟ್ಟಿದ್ದೇ ಅಧಿಕಾರಿಗೆ ಅನುಮಾನ ಹುಟ್ಟಿಸೀತು. ಮಾರಿದ ದಿನವೇ ಇಡೀ ಹಣವನ್ನು ಪ್ಯಾನ್ ಬರೆದು ಕಟ್ಟುವುದು ಲೇಸು. ಪ್ಯಾನ್ ಇಲ್ಲದವರು ಫಾರಂ 60 ತುಂಬುತ್ತಿದ್ದರು.