ಮೊದಲು ನಾವೇ ವಿಚಾರಿಸಿ ನೋಡಬೇಕೆ?

ಕ್ರೀಡಾ ಅಕಾಡೆಮಿಗಳಲ್ಲಿ ಬಲವಾಗಿ ಬೇರೂರಿರುವ ನಂಬಿಕೆಯೊಂದಿದೆ: ಮಗು ಏನಾದರೂ ಹೇಳಿಕೊಂಡರೆ ಕೋಚ್ ಮೊದಲು ನಿಜವೋ ಸುಳ್ಳೋ ವಿಚಾರಿಸಬೇಕು, ಖಾತ್ರಿಯಾದ ಮೇಲಷ್ಟೇ ಪೊಲೀಸರ ಬಳಿ ಹೋಗಬೇಕು. ಕೇಳಲು ನ್ಯಾಯವೆನಿಸುವ ಈ ಮಾತು ಕಾನೂನಿಗೆ ವಿರುದ್ಧ. 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದಿದೆ ಎಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಯಾರೇ ಆಗಲಿ, ಪೊಲೀಸರಿಗೆ ತಿಳಿಸಲೇಬೇಕು. ತನಿಖೆ ಅವರ ಕೆಲಸ. ಸುಮ್ಮನಿದ್ದರೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಕೈಕೆಳಗಿನವರ ಕೃತ್ಯವನ್ನು ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಿದೆ.

ಹೀಗೊಂದು ಸಂದರ್ಭ ಊಹಿಸಿಕೊಳ್ಳಿ. ಹದಿನಾಲ್ಕು ವರ್ಷದ ಓಟಗಾರನೊಬ್ಬ ಪ್ರಾಕ್ಟೀಸ್ ಮುಗಿಸಿ, ಸಹಾಯಕ ಕೋಚ್ ಮಸಾಜ್ ನೆಪದಲ್ಲಿ ಹಾಸ್ಟೆಲ್ ಕೋಣೆಗೆ ಕರೆದು ಮುಟ್ಟಬಾರದ ಕಡೆ ಮುಟ್ಟಿದ್ದನ್ನು ಹೇಳುತ್ತಾನೆ. 'ಸರ್, ಯಾರಿಗೂ ಹೇಳ್ಬೇಡಿ' ಅಂತಲೂ ಬೇಡಿಕೊಳ್ಳುತ್ತಾನೆ. ಇಲ್ಲಿ 'ಆಯ್ತಪ್ಪ, ಹೇಳಲ್ಲ' ಎಂದು ಮಾತು ಕೊಡುವುದೇ ಮೊದಲ ಎಡವಟ್ಟು. 'ನಿನಗೆ ತೊಂದರೆ ಆಗದ ಹಾಗೆ ನೋಡ್ಕೊಳ್ಳೋರಿಗೆ ನಾನು ಹೇಳಲೇಬೇಕು' ಎಂದು ನೇರವಾಗಿ ತಿಳಿಸುವುದು ಸರಿ. 'ಅವನು ಹೀಗೆ ಮಾಡಿದ್ನಾ, ಹಾಗೆ ಮಾಡಿದ್ನಾ' ಎಂದು ಉತ್ತರ ಬಾಯಿಗೆ ತುರುಕುವ ಪ್ರಶ್ನೆಗಳು ಬೇಡ. ಮುಂದೆ ನ್ಯಾಯಾಲಯದಲ್ಲಿ ಅವು ಹುಡುಗನ ಹೇಳಿಕೆಯನ್ನೇ ದುರ್ಬಲಗೊಳಿಸಬಹುದು. ಅವನು ಆಡಿದ ಮಾತನ್ನು ಅವನದೇ ಪದಗಳಲ್ಲಿ, ದಿನಾಂಕ, ವೇಳೆ ಸಮೇತ ಬರೆದಿಟ್ಟರೆ ಸಾಕು. ಸಹಾಯಕ ಕೋಚನ್ನು ಕರೆಸಿ ಕೇಳುವುದಂತೂ ಬೇಡವೇ ಬೇಡ. ಅವನು ಫೋನಿನಲ್ಲಿರುವುದನ್ನು ಅಳಿಸುತ್ತಾನೆ, ಹುಡುಗನನ್ನು ಹೆದರಿಸುತ್ತಾನೆ. ಅವನನ್ನು ಮಕ್ಕಳಿಂದ ದೂರವಿಡುವುದು ಬೇರೆ ಮಾತು, ಅದನ್ನು ತಡಮಾಡದೆ ಮಾಡಬೇಕು.

ನಂತರ ಸ್ಥಳೀಯ ಠಾಣೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕ. ಎಲ್ಲಿಗೆ ಹೋಗಬೇಕೆಂದು ತೋಚದಿದ್ದರೆ ಮಕ್ಕಳ ಸಹಾಯವಾಣಿ 1098 ದಾರಿ ತೋರಿಸುತ್ತದೆ. ಪೊಲೀಸರು ದೂರನ್ನು ಬರೆದುಕೊಂಡು ಅದಕ್ಕೊಂದು ಸಂಖ್ಯೆ ಕೊಡಬೇಕು, ಅದನ್ನು ಕೇಳಿ ಪಡೆಯಿರಿ. ಹುಡುಗನನ್ನು ಠಾಣೆಗೆ ಎಳೆದೊಯ್ಯಬೇಕಾಗುತ್ತದೆ ಎಂಬ ಭಯವೂ ಬೇಡ. ಪೊಲೀಸರು ಸಮವಸ್ತ್ರವಿಲ್ಲದೆ ಅವನ ಮನೆಯಲ್ಲೋ ಅವನು ಬಯಸಿದ ಜಾಗದಲ್ಲೋ ಹೇಳಿಕೆ ಪಡೆಯಬೇಕೆಂಬುದು ನಿಯಮ. ಆರೋಪ ಸಾಬೀತಾಗದಿದ್ದರೆ ನಾನೇ ಸಿಕ್ಕಿಬೀಳುತ್ತೇನೆ ಎನ್ನುವವರೂ ಇದ್ದಾರೆ. ಸದುದ್ದೇಶದಿಂದ ಮಾಹಿತಿ ಕೊಟ್ಟವರಿಗೆ ಇದೇ ಕಾಯ್ದೆಯಲ್ಲಿ ರಕ್ಷಣೆಯಿದೆ. 'ಗಂಡು ಹುಡುಗನಿಗೆ ಏನಾಗುತ್ತೆ' ಎಂಬ ಮಾತಿಗೂ ಬೆಲೆಯಿಲ್ಲ. ಹದಿನೆಂಟರೊಳಗಿನ ಎಲ್ಲರೂ ಈ ಕಾಯ್ದೆಯ ಕಣ್ಣಿಗೆ ಮಕ್ಕಳೇ.

ಇನ್ನೊಂದು ನಂಬಿಕೆ, ರಾತ್ರಿ ಹತ್ತಕ್ಕೆ ಒಬ್ಬಳೇ ಹುಡುಗಿಗೆ 'ಊಟ ಆಯ್ತಾ' ಎಂದು ವಾಟ್ಸಾಪ್ ಮಾಡುವುದು ಕೋಚಿನ ಕಾಳಜಿ ಎಂಬುದು. ಅದೊಂದೇ ಸಂದೇಶ ಅಪರಾಧವಲ್ಲ, ನಿಜ. ಆದರೆ ಕೆಟ್ಟ ಉದ್ದೇಶವಿರುವವರು ಸಲಿಗೆ ಬೆಳೆಸುವುದೂ ಹೀಗೆಯೇ, ಕೊನೆಗೆ 'ಅಪ್ಪನಿಗೆ ತೋರಿಸಬೇಡ' ಎಂಬಲ್ಲಿಗೆ ಅದು ಬರುತ್ತದೆ. ಅಭ್ಯಾಸದ ವೇಳೆ, ಬಸ್ಸಿನ ಸಮಯ ಏನೇ ಇದ್ದರೂ ಪೋಷಕರೂ ಇರುವ ಗುಂಪಿಗೇ ಹಾಕುವ ಕೋಚಿಗೆ ಕಳೆದುಕೊಳ್ಳುವುದೇನೂ ಇಲ್ಲ. ಭಂಗಿ ತಿದ್ದುವಾಗಲೂ 'ಭುಜ ಹಿಡೀಲಾ' ಎಂದು ಕೇಳಿ, ಎಲ್ಲರ ಕಣ್ಣೆದುರೇ ತಿದ್ದಬಹುದು.