537 ಬಾಂಬು, 576 ಚೌಕ: ಅಂದಾಜು ಎಷ್ಟು ತಪ್ಪುತ್ತದೆ?

1944ರ ಜೂನ್ 13ರಂದು ಲಂಡನ್ನಿನ ಮೇಲೆ ಜರ್ಮನಿಯ ಮೊದಲ ವಿ-1 ಬಾಂಬು ಬಿತ್ತು. ಅದು ಪೈಲಟ್ ಇಲ್ಲದ ಪುಟ್ಟ ವಿಮಾನ. ಮೂತಿಯಲ್ಲಿದ್ದ ಚಿಕ್ಕದೊಂದು ಫ್ಯಾನು ಎಷ್ಟು ಸುತ್ತು ತಿರುಗಿತೆಂಬ ಲೆಕ್ಕದಿಂದ ಸಾಗಿದ ದೂರವನ್ನು ಅಳೆದು, ಗೊತ್ತುಮಾಡಿದ ದೂರ ಮುಗಿದಾಗ ಕೆಳಗೆ ಎರಗುತ್ತಿತ್ತು. ದಾಳಿ ಮುಂದುವರಿದಂತೆ ಜನರಲ್ಲಿ ಒಂದು ನಂಬಿಕೆ ಬೆಳೆಯಿತು: ಬಾಂಬುಗಳು ಕೆಲವು ಕಡೆ ಗುಂಪುಗುಂಪಾಗಿ ಬೀಳುತ್ತಿವೆ, ಕೆಲವು ಬಡಾವಣೆಗಳನ್ನು ಬಿಟ್ಟುಬಿಡುತ್ತಿವೆ. ಹಾಗಿದ್ದರೆ ಜರ್ಮನ್ನರು ಗುರಿಯಿಟ್ಟು ಹೊಡೆಯುತ್ತಿದ್ದಾರೆಯೇ, ಅಥವಾ ಬಾಂಬು ಬಿದ್ದಲ್ಲಿ ಬಿದ್ದಂತೆಯೇ?

ವಿಮಾ ಕಂಪನಿಯೊಂದರಲ್ಲಿ ಲೆಕ್ಕತಜ್ಞರಾಗಿದ್ದ ಆರ್. ಡಿ. ಕ್ಲಾರ್ಕ್ 1946ರಲ್ಲಿ ಇದಕ್ಕೆ ಉತ್ತರವಾಗಿ ಪುಟ್ಟದೊಂದು ಲೇಖನ ಪ್ರಕಟಿಸಿದರು. ದಕ್ಷಿಣ ಲಂಡನ್ನಿನ 144 ಚದರ ಕಿಲೋಮೀಟರ್ ಪ್ರದೇಶವನ್ನು ಕಾಲು ಚದರ ಕಿಲೋಮೀಟರಿನ 576 ಚೌಕಗಳಾಗಿ ಗೆರೆ ಎಳೆದು ಒಡೆದರು. ಅಲ್ಲಿ ಬಿದ್ದ ಬಾಂಬು ಒಟ್ಟು 537. ಒಂದೂ ಬೀಳದ ಚೌಕ ಎಷ್ಟು, ಒಂದು ಬಿದ್ದದ್ದು ಎಷ್ಟು, ಎರಡು ಬಿದ್ದದ್ದು ಎಷ್ಟು ಎಂದು ಎಣಿಸಿದರು. ಬಾಂಬು ಎಲ್ಲಿ ಬೇಕಾದರೂ ಬೀಳಬಹುದು ಎಂದಿಟ್ಟುಕೊಂಡರೆ ಇವೇ ಎಣಿಕೆಗಳು ಎಷ್ಟಿರಬೇಕಿತ್ತು ಎಂದು ಲೆಕ್ಕ ಹಾಕಿ ಎರಡನ್ನೂ ಹೋಲಿಸಿದರು.

ಆ ಲೆಕ್ಕಕ್ಕೆ ಅವರು ಬಳಸಿದ್ದು ಪಾಯ್ಸಾನ್ ವಿತರಣೆಯ ಸೂತ್ರ. ನಿಜಕ್ಕೂ ಇಲ್ಲಿ ಸಲ್ಲುವುದು ಇನ್ನೊಂದು, ದ್ವಿಪದ ವಿತರಣೆ. ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದಾಗ ಎಷ್ಟು ತಪ್ಪಾಗುತ್ತದೆ ಎಂಬುದನ್ನು ಇದೇ ಅಂಕಿಗಳಲ್ಲಿ ನೋಡಬಹುದು.

ಸರಿಯಾದ ಲೆಕ್ಕ, ಹತ್ತಿರದ ಲೆಕ್ಕ

ಯಾವುದಾದರೂ ಒಂದು ಚೌಕವನ್ನು ಆರಿಸಿಕೊಳ್ಳಿ. ಒಂದು ಬಾಂಬು ಅದರ ಮೇಲೇ ಬೀಳುವ ಸಂಭವನೀಯತೆ p = 1/576. ತಪ್ಪಿಸಿಕೊಳ್ಳುವ ಸಂಭವನೀಯತೆ 575/576. ಇಂಥ ಪ್ರಯತ್ನಗಳು n = 537. ಒಂದೂ ಬೀಳದಿರಬೇಕಾದರೆ 537 ಸಲವೂ ತಪ್ಪಬೇಕು. ಅಂದರೆ 575/576 ಅನ್ನು 537 ಸಲ ಗುಣಿಸಬೇಕು; ಉತ್ತರ 0.39333. ನಿಖರವಾಗಿ ಮೂರು ಬಾಂಬು ಬೀಳುವುದಾದರೆ, 537ರಲ್ಲಿ ಯಾವ ಮೂರು ಎಂದು ಆರಿಸುವ ವಿಧಾನಗಳನ್ನೂ ಎಣಿಸಬೇಕು. ಅವೇ 2,56,65,020 ಆಗುತ್ತವೆ. ಇದು ದ್ವಿಪದ ಲೆಕ್ಕ. ತಪ್ಪಿಲ್ಲ, ಆದರೆ ಕೈಯಲ್ಲಿ ಮಾಡುವವರಿಗೆ ಬೇಸರದ ಕೆಲಸ.

ಫ್ರೆಂಚ್ ಗಣಿತಜ್ಞ ಸಿಮಿಯೋನ್ ಡೆನಿಸ್ ಪಾಯ್ಸಾನ್ 1837ರ ಪುಸ್ತಕದಲ್ಲಿ ತೋರಿಸಿದ ಹಾದಿ ಸುಲಭದ್ದು. ಅಲ್ಲಿ n ಮತ್ತು p ಬೇರೆಬೇರೆಯಾಗಿ ಬೇಕಾಗುವುದಿಲ್ಲ. ಅವುಗಳ ಗುಣಲಬ್ಧ, ಅಂದರೆ ಒಂದು ಚೌಕಕ್ಕೆ ಸರಾಸರಿ ಎಷ್ಟು ಬಾಂಬು ಎಂಬುದು ಸಾಕು. ಇಲ್ಲಿ λ = 537/576 = 0.9323. ಸೂತ್ರ ಹೀಗಿದೆ:

P(k) = e^(−λ) · λ^k / k!

ಶೂನ್ಯ ಬಾಂಬಿನ ಸಂಭವನೀಯತೆ e^(−λ), ಅಂದರೆ 0.39365. ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಯಲ್ಲೂ ಹಿಂದಿನ ಉತ್ತರವನ್ನು λ/k ಯಿಂದ ಗುಣಿಸುತ್ತ ಹೋದರಾಯಿತು. ಒಂದು ಬಾಂಬಿಗೆ 537/576, ಎರಡಕ್ಕೆ ಅದರ ಅರ್ಧ, ಮೂರಕ್ಕೆ ಮೂರನೇ ಒಂದು ಭಾಗ. ದ್ವಿಪದದಲ್ಲೂ ಹೀಗೆಯೇ ಮೆಟ್ಟಿಲೇರಬಹುದು. ಗುಣಕಗಳು ಮಾತ್ರ ಕೊಂಚ ಬೇರೆ. ಮೊದಲನೆಯದು 537/575, ಎರಡನೆಯದು 536/575ರ ಅರ್ಧ, ಮೂರನೆಯದು 535/575ರ ಮೂರನೇ ಒಂದು ಭಾಗ. ಒಂದು ಬಾಂಬು ಬಿದ್ದ ಮೇಲೆ ಉಳಿದವು ಒಂದು ಕಡಿಮೆಯಾದವು ಎಂಬ ಸಂಗತಿಯನ್ನು ದ್ವಿಪದ ನೆನಪಿಟ್ಟುಕೊಳ್ಳುತ್ತದೆ, ಪಾಯ್ಸಾನ್ ಮರೆತುಬಿಡುತ್ತದೆ. 537ರ ಪಕ್ಕದಲ್ಲಿ ಆ ಒಂದು ಎಷ್ಟು ಸಣ್ಣದೋ, ಮರೆವಿನ ಬೆಲೆಯೂ ಅಷ್ಟೇ ಸಣ್ಣದು.

ಸಂಭವನೀಯತೆಗಳನ್ನು 576ರಿಂದ ಗುಣಿಸಿದರೆ ಎಷ್ಟು ಚೌಕಗಳನ್ನು ನಿರೀಕ್ಷಿಸಬೇಕೆಂಬುದು ಸಿಗುತ್ತದೆ:

| ಬಿದ್ದ ಬಾಂಬು | ಎಣಿಸಿದ ಚೌಕ | ಪಾಯ್ಸಾನ್ | ದ್ವಿಪದ |
|---|---|---|---|
| 0 | 229 | 226.74 | 226.56 |
| 1 | 211 | 211.39 | 211.59 |
| 2 | 93 | 98.54 | 98.62 |
| 3 | 35 | 30.62 | 30.59 |
| 4 | 7 | 7.14 | 7.10 |
| 5 ಮತ್ತು ಮೇಲೆ | 1 | 1.57 | 1.55 |

ಎರಡು ಬಗೆಯ ಅಂತರ

ಕೋಷ್ಟಕದಲ್ಲಿ ಎರಡು ಅಂತರಗಳಿವೆ. ಕೊನೆಯ ಎರಡು ಕಾಲಂಗಳ ನಡುವಿನದು ಅಂದಾಜಿನ ತಪ್ಪು. ಅತಿ ದೊಡ್ಡದು ಒಂದು ಬಾಂಬಿನ ಸಾಲಿನಲ್ಲಿದೆ, ಅದೂ ಚೌಕದ ಐದನೇ ಒಂದು ಭಾಗ ಮಾತ್ರ. ಎಣಿಸಿದ ಚೌಕಗಳಿಗೂ ನಿರೀಕ್ಷೆಗೂ ನಡುವಿನದು ಇನ್ನೊಂದು ಅಂತರ, ಅದು ಆಕಸ್ಮಿಕದ ಏರಿಳಿತ. ಎರಡು ಬಾಂಬು ಬಿದ್ದ ಚೌಕಗಳಲ್ಲಿ ಅದು ಐದೂವರೆ. ಇಂಥ ಎಣಿಕೆ ಬರೀ ಆಕಸ್ಮಿಕದಿಂದಲೇ ಒಂಬತ್ತರಷ್ಟು ಆಚೀಚೆ ಆಗುವುದು ಸಹಜ. ಆದ್ದರಿಂದ ಐದೂವರೆಯ ಬಗ್ಗೆ ಆತಂಕವಿಲ್ಲ, ಅದೇ ಸಾಲಿನಲ್ಲಿ ಪಾಯ್ಸಾನ್ ತಪ್ಪಿದ 0.08 ಅಂತೂ ಲೆಕ್ಕಕ್ಕೇ ಇಲ್ಲ.

ಎಲ್ಲ ಸಾಲುಗಳ ಅಂತರವನ್ನು ಒಟ್ಟುಗೂಡಿಸಿ ಅಳೆಯುವ ಕೈ-ವರ್ಗ ಪರೀಕ್ಷೆಯಲ್ಲಿ ಕ್ಲಾರ್ಕ್‌ಗೆ ಸಿಕ್ಕಿದ ಉತ್ತರ 1.17. ಬಾಂಬು ಎಲ್ಲೆಂದರಲ್ಲಿ ಬೀಳುತ್ತಿದ್ದರೂ ಇದಕ್ಕಿಂತ ದೊಡ್ಡ ಅಂತರ ನೂರಕ್ಕೆ 88 ಸಲ ಬರುತ್ತದೆ. ಗುರಿಯಿಟ್ಟು ಹೊಡೆದದ್ದಕ್ಕೆ ಇದರಲ್ಲಿ ಪುರಾವೆಯಿಲ್ಲ. ಪಾಯ್ಸಾನ್ ಬಿಟ್ಟು ದ್ವಿಪದದಿಂದಲೇ ಅದೇ ಪರೀಕ್ಷೆ ಮಾಡಿದರೆ 1.18 ಬರುತ್ತದೆ. ತೀರ್ಮಾನ ಕೂದಲೆಳೆಯಷ್ಟೂ ಅಲುಗುವುದಿಲ್ಲ.

ತಪ್ಪಿಗೆ ಮೇಲ್ಮಿತಿ

ಪ್ರತಿ ಸಲ ಎರಡೂ ಲೆಕ್ಕ ಮಾಡಿ ಹೋಲಿಸುವುದಾದರೆ ಅಂದಾಜಿನ ಉಪಯೋಗವೇನು? ಲೆಕ್ಕಕ್ಕಿಳಿಯುವ ಮೊದಲೇ ತಪ್ಪು ಎಷ್ಟರೊಳಗೆ ಇರುತ್ತದೆಂದು ತಿಳಿಯಬೇಕು. 1960ರಲ್ಲಿ ಲೂಸಿಯಾನ್ ಲೆ ಕಾಮ್ ಅಂಥದೊಂದು ಮಿತಿ ಕೊಟ್ಟರು. ಅದರ ಹಿಂದಿನ ವಿಚಾರ ಹೀಗೆ.

ಒಂದು ಬಾಂಬು ಒಂದು ಚೌಕದ ಮೇಲೆ ಬೀಳುತ್ತದೆ ಅಥವಾ ಇಲ್ಲ. ಎರಡು ಸಲ ಬೀಳಲಾರದು. ಪಾಯ್ಸಾನ್ ಲೆಕ್ಕಕ್ಕೆ ಈ ವಿವೇಕವಿಲ್ಲ. ಪ್ರತಿ ಬಾಂಬೂ ಸರಾಸರಿ p ಇರುವ ಪುಟ್ಟ ಪಾಯ್ಸಾನ್ ಎಂದು ಅದು ನೋಡುತ್ತದೆ. ಅದರ ಪ್ರಕಾರ ಒಂದೇ ಬಾಂಬು ಅದೇ ಚೌಕದ ಮೇಲೆ ಎರಡು ಸಲ ಬೀಳುವ ಸಾಧ್ಯತೆಯೂ ಇದೆ, ಸುಮಾರು p²/2ರಷ್ಟು. ನಮ್ಮ ಉದಾಹರಣೆಯಲ್ಲಿ ಅದು ಆರೂವರೆ ಲಕ್ಷಕ್ಕೆ ಒಂದು. ಇಂಥ ಅಸಂಗತಗಳನ್ನೆಲ್ಲ ಸೇರಿಸಿದರೂ ಒಂದು ಬಾಂಬಿಗೆ ತಪ್ಪು p² ದಾಟದು, 537 ಬಾಂಬಿಗೆ np² ದಾಟದು. ಅಂದರೆ 0.0016.

1984ರಲ್ಲಿ ಬಾರ್ಬರ್ ಮತ್ತು ಹಾಲ್ ಈ ಮಿತಿಯನ್ನು ಇನ್ನಷ್ಟು ಬಿಗಿ ಮಾಡಿದರು: (1 − e^(−λ)) · p. ನಮ್ಮ ಅಂಕಿಗಳಿಗೆ 0.00105. ನಿಜವಾದ ತಪ್ಪು 0.00048. ‘ಎರಡಕ್ಕಿಂತ ಹೆಚ್ಚು ಬೀಳುತ್ತವೆಯೇ’, ‘ಒಂದೋ ಮೂರೋ ಬೀಳುತ್ತವೆಯೇ’ ಎಂದು ಈ ಚೌಕದ ಎಣಿಕೆಯ ಬಗ್ಗೆ ಯಾವ ಪ್ರಶ್ನೆ ಕೇಳಿದರೂ ಎರಡು ಸೂತ್ರಗಳ ಉತ್ತರ ಇದಕ್ಕಿಂತ ಹೆಚ್ಚು ಬೇರೆಯಾಗುವುದಿಲ್ಲ.

ಈ ಮಿತಿಯಲ್ಲಿ ಆವರಣದೊಳಗಿನ ಭಾಗ ಯಾವಾಗಲೂ ಒಂದಕ್ಕಿಂತ ಕಡಿಮೆ. ಹಾಗಾಗಿ ತಪ್ಪು p ಯನ್ನು ಎಂದೂ ದಾಟುವುದಿಲ್ಲ. ‘n ದೊಡ್ಡದಾಗಿರಬೇಕು, p ಸಣ್ಣದಾಗಿರಬೇಕು’ ಎಂದು ಪಠ್ಯಪುಸ್ತಕಗಳಲ್ಲಿ ಓದುತ್ತೇವೆ. ಆದರೆ ಕಾಯುವುದು p ಮಾತ್ರ. n ಎಷ್ಟೇ ದೊಡ್ಡದಾದರೂ p ಯ ತಪ್ಪನ್ನು ಅದು ತುಂಬಿಕೊಡುವುದಿಲ್ಲ.

ಅದೇ ಬಾಂಬು, ನಾಲ್ಕೇ ತುಂಡು

ಪರೀಕ್ಷಿಸಿ ನೋಡೋಣ. ಬಾಂಬು ಅವೇ 537. ಆದರೆ ಪ್ರದೇಶವನ್ನು 576ರ ಬದಲು ನಾಲ್ಕೇ ಸಮಭಾಗ ಮಾಡಿದೆವು ಎಂದುಕೊಳ್ಳಿ. ಈಗ p = 1/4, ಒಂದು ಭಾಗಕ್ಕೆ ಸರಾಸರಿ 134.25. ಎರಡೂ ಸೂತ್ರಗಳು ಸರಾಸರಿಯನ್ನು ಒಪ್ಪುತ್ತವೆ, ಚದುರುವಿಕೆಯಲ್ಲಿ ಬೇರೆಯಾಗುತ್ತವೆ. ಪಾಯ್ಸಾನ್‌ನಲ್ಲಿ ವೇರಿಯನ್ಸ್ ಸರಾಸರಿಯಷ್ಟೇ ಇರುತ್ತದೆ, ಅಂದರೆ np. ದ್ವಿಪದದಲ್ಲಿ ಅದು np(1 − p). ಹೀಗಾಗಿ ಮಾನಕ ವಿಚಲನೆ ಪಾಯ್ಸಾನ್ ಪ್ರಕಾರ 11.6, ನಿಜದಲ್ಲಿ 10.0. ಒಂದು ಭಾಗದಲ್ಲಿ 160 ಅಥವಾ ಹೆಚ್ಚು ಬಾಂಬು ಬೀಳುವ ಸಂಭವನೀಯತೆ ಪಾಯ್ಸಾನ್ ಲೆಕ್ಕದಲ್ಲಿ ಸುಮಾರು 60ಕ್ಕೆ ಒಂದು, ದ್ವಿಪದದಲ್ಲಿ ಸುಮಾರು 150ಕ್ಕೆ ಒಂದು. ಅಷ್ಟು ಬಿದ್ದಿದ್ದರೆ ಸಂಶಯಪಡಬೇಕಾದ ಕಡೆ ಪಾಯ್ಸಾನ್ ‘ಅದೇನು ಮಹಾ’ ಎಂದುಬಿಡುತ್ತದೆ. ಒಟ್ಟಾರೆ ತಪ್ಪು 0.0005ರಿಂದ 0.07ಕ್ಕೆ ಏರಿದೆ, n ಒಂದಿಷ್ಟೂ ಬದಲಾಗದೆ.

p ಸಣ್ಣದಿದ್ದರೂ ಎಚ್ಚರ ಬೇಕಾದ ಜಾಗ ಒಂದಿದೆ: ವಿತರಣೆಯ ಬಾಲ. ಕ್ಲಾರ್ಕ್ ಕೋಷ್ಟಕದ ಕೊನೆಯ ಸಾಲಿನ ಒಂಟಿ ಚೌಕದ ಮೇಲೆ ಬಿದ್ದದ್ದು ಏಳು ಬಾಂಬು. ಒಟ್ಟು 537 ಆಗಬೇಕಾದರೆ ಅಷ್ಟೇ ಉಳಿಯುತ್ತದೆ. ಏಳು ಬಾಂಬಿನ ಚೌಕಗಳು ಪಾಯ್ಸಾನ್ ಪ್ರಕಾರ 0.0275, ದ್ವಿಪದದ ಪ್ರಕಾರ 0.0268 ಇರಬೇಕು. ಅಂತರ ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಶೇಕಡಾವಾರು ನೋಡಿದರೆ ಸುಮಾರು 3. ಶೂನ್ಯದ ಸಾಲಿನಲ್ಲಿ ಅದು ಶೇಕಡಾ 0.08 ಮಾತ್ರ ಇತ್ತು. ಮೇಲೆ ಕೊಟ್ಟ ಮಿತಿಗಳು ಒಟ್ಟು ಅಂತರವನ್ನು ಹಿಡಿದಿಡುತ್ತವೆ, ಅಪರೂಪದ ಘಟನೆಯ ಶೇಕಡಾವಾರು ತಪ್ಪನ್ನಲ್ಲ. ಲಕ್ಷಕ್ಕೊಂದು ಎಂಬಂಥ ಸಂಭವನೀಯತೆಯನ್ನೇ ನಂಬಿ ತೀರ್ಮಾನ ಮಾಡುವವರು ದ್ವಿಪದವನ್ನೇ ಲೆಕ್ಕ ಹಾಕುವುದು ಒಳ್ಳೆಯದು. ಇಂದಿನ ಕಂಪ್ಯೂಟರಿಗೆ ಅದು ಕ್ಷಣದ ಕೆಲಸ.

ಇವೆಲ್ಲ ಸೂತ್ರದಿಂದ ಸೂತ್ರಕ್ಕೆ ಇರುವ ತಪ್ಪು. ಎರಡೂ ಸೂತ್ರಗಳು ಒಟ್ಟಿಗೇ ತಪ್ಪುವುದೂ ಉಂಟು: ಎಲ್ಲ ಚೌಕಗಳಿಗೂ p ಒಂದೇ ಆಗಿಲ್ಲದಿದ್ದರೆ, ಅಥವಾ ಒಂದು ಬಾಂಬಿನ ಬೆನ್ನಿಗೆ ಇನ್ನೊಂದು ಅಲ್ಲೇ ಬರುತ್ತಿದ್ದರೆ. ಆಗ ಖಾಲಿ ಚೌಕಗಳೂ ಕಿಕ್ಕಿರಿದ ಚೌಕಗಳೂ ಎರಡೂ ಹೆಚ್ಚಾಗಿ, ವೇರಿಯನ್ಸ್ ಸರಾಸರಿಯನ್ನು ಮೀರಿ ಬೆಳೆಯುತ್ತದೆ. ಕ್ಲಾರ್ಕ್ ಎಣಿಕೆಯಲ್ಲಿ ಸರಾಸರಿ 0.932, ವೇರಿಯನ್ಸ್ 0.969. ಅನುಪಾತ 1.04. 576 ಚೌಕಗಳ ಎಣಿಕೆಯಲ್ಲಿ ಈ ಅನುಪಾತ ಆಕಸ್ಮಿಕವಾಗಿಯೇ 0.06ರಷ್ಟು ಆಚೀಚೆ ಆಗುತ್ತದೆ, ಆದ್ದರಿಂದ ಇಲ್ಲಿ ದೋಷ ಕಾಣುವುದಿಲ್ಲ. ಆದರೆ ಅದು 1.5 ಬಂದಿದ್ದರೆ ಪಾಯ್ಸಾನ್ ಬಿಟ್ಟು ದ್ವಿಪದ ಹಿಡಿದರೂ ಉಪಯೋಗವಿರಲಿಲ್ಲ. ದ್ವಿಪದದ ವೇರಿಯನ್ಸ್ ಸರಾಸರಿಗಿಂತ ಕಡಿಮೆಯೇ ಇರುವುದರಿಂದ ಅದು ಇನ್ನೂ ದೂರ ಸರಿಯುತ್ತಿತ್ತು. ಅಂಥಲ್ಲಿ ಹುಡುಕಬೇಕಾದ ತಪ್ಪು ಅಂದಾಜಿನದಲ್ಲ, ಎಲ್ಲ ಚೌಕಗಳೂ ಸಮಾನ ಎಂದು ಮೊದಲೇ ಒಪ್ಪಿಕೊಂಡದ್ದರದು.